ವರದಿಗಳ ಹೊಸ ಜೋಡಣೆ ಮತ್ತು ಬದಲಾದ ಮೊತ್ತಗಳ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಏಪ್ರಿಲ್ 1ರಿಂದ ತಮ್ಮ ಮಾರಾಟದ ವರದಿಗಳೆಲ್ಲ ಹೊಸ ಜೋಡಣೆಯಲ್ಲಿ ಬರುತ್ತಿವೆ. ಚಾರ್ಟುಗಳ ಬಣ್ಣವಾಗಲಿ ಆಕಾರವಾಗಲಿ ಬದಲಾಗಿಲ್ಲ. ಅವುಗಳ ಹಿಂದಿರುವ ಪಟ್ಟಿಗಳನ್ನು ಮಾತ್ರ ಬೇರೆ ರೀತಿಯಲ್ಲಿ ಕಟ್ಟಿದ್ದೇವೆ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲೇ ಇದು ಎದುರಾಗಿ ತಮ್ಮ ಗುಮಾಸ್ತರಿಗೂ ಲೆಕ್ಕಿಗರಿಗೂ ತೊಂದರೆಯಾಯಿತು, ಅದಕ್ಕಾಗಿ ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ. ಆದರೆ ಮಾಡಿದ ಕೆಲಸದ ಬಗ್ಗೆ ನಮಗೆ ಅಳುಕಿಲ್ಲ. ಯಾಕೆಂಬುದನ್ನು ವಿವರವಾಗಿಯೇ ಹೇಳಬೇಕಾಗಿದೆ.

ಇಷ್ಟು ದಿನ ಸರಕುವಾರು ವರದಿಗೆ ಒಂದು ಕಡತ, ಊರುವಾರು ವರದಿಗೆ ಇನ್ನೊಂದು, ಗಿರಾಕಿವಾರು ವರದಿಗೆ ಮತ್ತೊಂದು ಇತ್ತು. ಒಂದೊಂದೂ ಒಂದೊಂದು ಹೊತ್ತಿಗೆ ರಿಫ್ರೆಶ್ ಆಗುತ್ತಿದ್ದುದರಿಂದ ನಡುವೆ ಹಾಕಿದ ಬಿಲ್ಲು ಒಂದರಲ್ಲಿ ಸೇರಿ ಇನ್ನೊಂದರಲ್ಲಿ ಬಿಟ್ಟುಹೋಗುತ್ತಿತ್ತು. ಈಗ ಪವರ್ ಬಿಐ ಎಂಬ ವರದಿ ತಂತ್ರಾಂಶದಲ್ಲಿ, ಪಟ್ಟಿಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದ ಒಂದೇ ಮಾಡೆಲ್ ಇದೆ. ಅದರ ನಡುವೆ ಮಾರಾಟದ ಅಂಕಿಗಳನ್ನು ಇಡುವ ಫ್ಯಾಕ್ಟ್ ಟೇಬಲ್ ಇದ್ದು, ಅದರಲ್ಲಿ ಒಂದು ಸಾಲು ಎಂದರೆ ಒಂದು ಬಿಲ್ಲಿನ ಒಂದು ಸರಕು. ಆ ಸಾಲಿನಲ್ಲಿ ಪ್ರಮಾಣ, ಹಣ ಮತ್ತು ಕೆಲವು ಕೋಡುಗಳ ಹೊರತು ಬೇರೇನೂ ಇರುವುದಿಲ್ಲ. ಸರಕು, ಗಿರಾಕಿ, ಊರು, ದಿನಾಂಕ ಎಂಬ, ಹೆಸರು ವಿವರಗಳನ್ನು ಇಡುವ ನಾಲ್ಕು ಡೈಮೆನ್ಶನ್ ಟೇಬಲ್‌ಗಳು ಅದರ ಸುತ್ತ ನಕ್ಷತ್ರದ ಕೋನಗಳಂತೆ ನಿಂತಿವೆ. ಪ್ರತಿಯೊಂದು ಸರಕಿನ ಹೆಸರೂ ಪ್ರತಿಯೊಂದು ಊರಿನ ಹೆಸರೂ ತನ್ನ ಟೇಬಲ್‌ನಲ್ಲಿ ಒಂದೇ ಬಾರಿ ಇರುತ್ತದೆ. ತಾವು ಊರನ್ನು ಆರಿಸಿದರೆ ಆ ಆಯ್ಕೆ ಊರಿನ ಟೇಬಲ್‌ನಿಂದ ಮಾರಾಟದ ಟೇಬಲ್ಲಿಗೆ ಇಳಿಯುತ್ತದೆಯೇ ಹೊರತು ತಿರುಗಿ ಮೇಲೇರುವುದಿಲ್ಲ. ಸರಕಿನ ಬೆಲೆಗೆ ಅದರ ಪಾಲಿನ ಲಾರಿ ಬಾಡಿಗೆಯನ್ನು ಕೂಡಿಸುವ ಒಟ್ಟು ಮಾರಾಟದ ಸೂತ್ರವನ್ನೂ ಒಂದೇ ಕಡೆ ಬರೆದಿದ್ದೇವೆ, ಎಲ್ಲ ವರದಿಗಳೂ ಅದನ್ನೇ ಬಳಸುತ್ತವೆ:

```
Total Sales = SUM ( Sales[ItemAmount] ) + SUM ( Sales[FreightShare] )
```

ಇನ್ನು ಫೋನಿನಲ್ಲಿ ಪದೇ ಪದೇ ಕೇಳಿಬಂದ ಮಾತಿಗೆ ಬರುತ್ತೇವೆ: “ಹಳೇ ವರದಿಯಲ್ಲಿ ಮಾರ್ಚ್ ತಿಂಗಳ ಮಾರಾಟ ಜಾಸ್ತಿ ಇತ್ತು, ನಿಮ್ಮ ಹೊಸ ವರದಿ ಅದನ್ನು ಇಳಿಸಿಬಿಟ್ಟಿದೆ.” ಇಳಿದಿರುವುದು ನಿಜ. ಆದರೆ ತಮ್ಮ ಮಾರಾಟ ಇಳಿದಿಲ್ಲ, ಅದರಲ್ಲಿ ಸೇರಿಕೊಂಡಿದ್ದ ಲಾರಿ ಬಾಡಿಗೆಯ ನಕಲು ಇಳಿದಿದೆ.

ಒಂದು ಬಿಲ್ಲನ್ನೇ ಬಿಡಿಸಿ ನೋಡೋಣ. ಜಿಎಸ್‌ಟಿ ಬಿಟ್ಟು ಅಕ್ಕಿ 6,000 ರೂಪಾಯಿ, ತೊಗರಿಬೇಳೆ 4,000, ಬೆಲ್ಲ 2,000. ಬಿಲ್ಲಿನ ಕೊನೆಯಲ್ಲಿ ಒಟ್ಟಾಗಿ ಲಾರಿ ಬಾಡಿಗೆ 600. ಬಿಲ್ಲಿನ ಮೊತ್ತ 12,600 ರೂಪಾಯಿ, ಇದರಲ್ಲಿ ವಾದವಿಲ್ಲ. ಎಲ್ಲವೂ ಒಂದೇ ಹಾಳೆಯಲ್ಲಿ ಕಾಣಬೇಕೆಂದು ಹೆಚ್ಚಿನವರು ಅಂದು ಕೇಳಿದ್ದರಿಂದ, ಬಿಲ್ಲಿಂಗ್ ತಂತ್ರಾಂಶದಿಂದ ಹೊರತೆಗೆದ ಉದ್ದನೆಯ ಹಾಳೆಯಲ್ಲಿ ಈ ಬಿಲ್ಲು ಮೂರು ಸಾಲುಗಳಾಗಿ ಬರುತ್ತಿತ್ತು, ಮೂರು ಸಾಲಿನ ಮುಂದೆಯೂ ಬಾಡಿಗೆ 600 ಎಂದೇ ಬರುತ್ತಿತ್ತು. ಓದುವವರು ಅದು ಒಂದೇ ಬಾಡಿಗೆಯೆಂದು ತಿಳಿದುಕೊಳ್ಳುತ್ತಾರೆ; ಕೂಡಿಸುವ ಚಾರ್ಟು 1,800 ಎಂದು ಕೂಡಿಸುತ್ತದೆ. ಹೀಗೆ ಸರಕುವಾರು ವರದಿಯಲ್ಲಿ ಇದೇ ಬಿಲ್ಲು 13,800 ಆಗುತ್ತಿತ್ತು, ಬಿಲ್ಲುಗಳ ಪಟ್ಟಿಯಿಂದ ಬರುವ ಗಿರಾಕಿವಾರು ವರದಿಯಲ್ಲಿ 12,600 ಆಗಿಯೇ ಉಳಿಯುತ್ತಿತ್ತು. ಎರಡು ವರದಿ ತಾಳೆಯಾಗುವುದಿಲ್ಲವೆಂದು ತಾವು ಹಿಂದೆ ದೂರುತ್ತಿದ್ದುದಕ್ಕೂ, ಮೊತ್ತ ಇಳಿಯಿತೆಂದು ಈಗ ದೂರುತ್ತಿರುವುದಕ್ಕೂ ಮುಖ್ಯ ಮೂಲ ಇದೇ.

ಹೊಸ ಜೋಡಣೆಯಲ್ಲಿ ಒಂದು ಸಾಲು ಒಂದು ಸರಕಿನದೆಂದು ನಿಗದಿಯಾದ ಮೇಲೆ ಇಡೀ ಬಿಲ್ಲಿಗೆ ಸೇರಿದ ಹಣವನ್ನು ಹಾಗೆಯೇ ಅಲ್ಲಿ ಇಡುವಂತಿಲ್ಲ. ಆದ್ದರಿಂದ ಬಾಡಿಗೆಯನ್ನು ಬೆಲೆಯ ಅನುಪಾತದಲ್ಲಿ ಹಂಚುತ್ತೇವೆ: ಅಕ್ಕಿಗೆ 300, ಬೇಳೆಗೆ 200, ಬೆಲ್ಲಕ್ಕೆ 100. ಪೈಸೆ ಉಳಿದರೆ ದೊಡ್ಡ ಮೊತ್ತದ ಸಾಲಿಗೆ ಸೇರಿಸುತ್ತೇವೆ. ತೂಕದ ಮೇಲೆ ಹಂಚುವುದೇ ನ್ಯಾಯವೆಂದು ಕೆಲವರು ವಾದಿಸಿದ್ದಾರೆ, ಅಕ್ಕಿ ಮೂಟೆಗೂ ಬಾದಾಮಿ ಪೊಟ್ಟಣಕ್ಕೂ ಲಾರಿಯಲ್ಲಿ ಬೇಕಾಗುವ ಜಾಗ ಒಂದೇ ಅಲ್ಲವಲ್ಲ! ಮಾತು ಸರಿ. ಆದರೆ ಎಲ್ಲ ಬಿಲ್ಲುಗಳಲ್ಲೂ ತೂಕ ನಮೂದಾಗಿರುವುದಿಲ್ಲ, ಬೆಲೆ ನಮೂದಾಗಿರುತ್ತದೆ. ಹೇಗೆ ಹಂಚಿದರೂ ಒಟ್ಟು ಮೊತ್ತ ಬದಲಾಗುವುದಿಲ್ಲ, ಸರಕುಗಳ ನಡುವಿನ ಪಾಲು ಮಾತ್ರ ಬದಲಾಗುತ್ತದೆ.

ತಾವೇ ಪರೀಕ್ಷಿಸಬಹುದು. ಪ್ರತಿಯೊಂದು ಬಿಲ್ಲಿನಲ್ಲೂ ಒಂದೇ ಸರಕಿರುವ ಯಾವುದಾದರೂ ದಿನವನ್ನು ಆರಿಸಿದರೆ ಹಳೆಯ ಮೊತ್ತವೂ ಹೊಸ ಮೊತ್ತವೂ ಒಂದೇ ಆಗಿರುತ್ತವೆ. ಹಲವು ಸರಕುಗಳಿದ್ದು ಬಾಡಿಗೆಯೂ ಇರುವ ಬಿಲ್ಲುಗಳ ದಿನ ವ್ಯತ್ಯಾಸ ಕಾಣುತ್ತದೆ, ಆಗ ಬಿಲ್ ಬುಕ್ಕಿನ ಮೊತ್ತ ಯಾವುದಕ್ಕೆ ಹೊಂದುತ್ತದೆಂದು ನೋಡಿ.

ಪಟ್ಟಿ ಸರಿಪಡಿಸಿದ ಶುಲ್ಕದ ಬಗ್ಗೆಯೂ ಹೇಳಲೇಬೇಕು. “ಅದೇ ಚಾರ್ಟಿಗೆ ಮತ್ತೆ ದುಡ್ಡೇ?” ಎಂಬ ಪ್ರಶ್ನೆ ನಮಗೆ ನೋವು ತಂದಿದೆ. ಹಣ ಚಾರ್ಟಿಗೆ ಹೋಗಿಲ್ಲ, ಡೈಮೆನ್ಶನ್ ಟೇಬಲ್‌ಗಳಿಗೆ ಹೋಗಿದೆ. 2014ರ ನವೆಂಬರ್ 1ರಂದು ಇಂಗ್ಲಿಷ್ ಬರಹದಲ್ಲಿ ಹುಬ್ಳಿ ಹುಬ್ಬಳ್ಳಿಯಾಯಿತು, ಬೆಳ್ಗಾಮ್ ಬೆಳಗಾವಿಯಾಯಿತು. ಬಿಲ್ಲುಗಳಲ್ಲಿ ಮಾತ್ರ `Hubli` ಮತ್ತು `Hubballi` ಎರಡೂ ಇಂದಿಗೂ ಬರುತ್ತಿವೆ, ಹಳೆಯ ಚಾರ್ಟಿನಲ್ಲಿ ಒಂದೇ ಊರಿಗೆ ಎರಡು ಕಂಬ ಏಳುತ್ತಿದ್ದವು. ಊರುಗಳನ್ನು ಹೇಗೋ ಕೂಡಿಸಬಹುದು, ಗಿರಾಕಿಗಳ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ಒಂದೇ ಹೆಸರಿನ ಎರಡು ಅಂಗಡಿಗಳು ಬೇರೆ ಬೇರೆ ಮಾಲೀಕರದ್ದಾಗಿರಬಹುದು. ಜಿಎಸ್‌ಟಿ ಸಂಖ್ಯೆ ನೋಡಿ ತೀರ್ಮಾನಿಸೋಣವೆಂದರೆ ಒಬ್ಬರೇ ಮಾಲೀಕರು ರಾಜ್ಯದೊಳಗೆ ಎರಡು ಅಂಗಡಿಗಳನ್ನು ಒಂದೇ ಸಂಖ್ಯೆಯಡಿ ನಡೆಸಬಹುದು, ಸಣ್ಣ ಅಂಗಡಿಯವರಿಗೆ ಸಂಖ್ಯೆಯೇ ಇಲ್ಲದಿರಬಹುದು. ಅನುಮಾನ ಬಂದ ಕಡೆಯೆಲ್ಲ ನಮ್ಮವರು ತಮ್ಮ ಗುಮಾಸ್ತರ ಜೊತೆ ಕುಳಿತು, ಬಾಕಿ ಪುಸ್ತಕ ನೋಡಿ, ಒಂದೊಂದಕ್ಕೂ ಕೋಡು ಕೊಟ್ಟಿದ್ದಾರೆ. ಶುಲ್ಕ ಆ ದುಡಿಮೆಯದು. ಅದನ್ನು ಇನ್ನೊಮ್ಮೆ ಕೇಳುವುದಿಲ್ಲ.

ಈಗ ಮಾಡೆಲ್ ಬೆಳಿಗ್ಗೆ 6 ಗಂಟೆಗೂ ಮಧ್ಯಾಹ್ನ 2 ಗಂಟೆಗೂ ರಿಫ್ರೆಶ್ ಆಗುತ್ತದೆ. ಯಾವ ಕಾರಣಕ್ಕಾದರೂ ರಿಫ್ರೆಶ್ ವಿಫಲವಾದರೆ ಹಿಂದಿನ ಅಂಕಿಗಳೇ ಉಳಿಯುತ್ತವೆ, ಎಲ್ಲ ವರದಿಗಳೂ ಒಟ್ಟಿಗೇ ಹಿಂದೆ ಬೀಳುತ್ತವೆ. ಒಂದು ಹೊಸದು ಇನ್ನೊಂದು ಹಳೆಯದು ಎಂಬ ಗೊಂದಲಕ್ಕಿಂತ ಇದೇ ಮೇಲೆಂದು ನಮ್ಮ ಅಭಿಪ್ರಾಯ. ಕೊನೆಯ ರಿಫ್ರೆಶ್ ಸಮಯವನ್ನು ಪ್ರತಿ ಪುಟದ ಮೇಲ್ಭಾಗದಲ್ಲಿ ಹಾಕಿದ್ದೇವೆ, ಮೊದಲು ಅದನ್ನು ನೋಡಿ.

ಚಾರ್ಟಿನಲ್ಲಿ `(Blank)` ಎಂಬ ಸಾಲು ಕಂಡರೆ ಗಾಬರಿಯಾಗಬೇಡಿ. ಬಿಲ್ಲಿನಲ್ಲಿರುವ ಕೋಡು ಡೈಮೆನ್ಶನ್ ಟೇಬಲ್‌ನಲ್ಲಿ ಇನ್ನೂ ಸೇರಿಲ್ಲವೆಂದು ಅದರ ಅರ್ಥ. ಹಣ ಒಟ್ಟು ಮೊತ್ತದಲ್ಲಿ ಸೇರಿರುತ್ತದೆ, ಯಾವ ಹೆಸರಿನ ಕೆಳಗೆ ಎಂಬುದು ಮಾತ್ರ ತಿಳಿದಿರುವುದಿಲ್ಲ. ಹೊಸ ಸರಕು ತಂದ ದಿನವೇ ಅದರ ವಿವರ ಕಳುಹಿಸಿದರೆ ಮರುದಿನದ ಬೆಳಗಿನ ರಿಫ್ರೆಶ್‌ನಲ್ಲಿ ಸಾಲು ಮಾಯವಾಗುತ್ತದೆ.

ಸರಕುವಾರು ಗುರಿಯ ಚಾರ್ಟು ಬೇಕೆಂದು ಕೇಳಿದವರಿಗೆ ಒಂದು ಮಾತು. ತಾವು ಗುರಿ ನಿಗದಿ ಮಾಡುವುದು ತಿಂಗಳಿಗೆ, ಊರಿಗೆ. ಆದ್ದರಿಂದ ಗುರಿಗೆ ಬೇರೆಯೇ ಫ್ಯಾಕ್ಟ್ ಟೇಬಲ್ ಇಟ್ಟು, ಅದನ್ನು ದಿನಾಂಕ ಮತ್ತು ಊರಿನ ಟೇಬಲ್‌ಗಳಿಗೆ ಮಾತ್ರ ಜೋಡಿಸಿದ್ದೇವೆ. ಅದನ್ನು ಸರಕಿನ ಚಾರ್ಟಿಗೆ ಎಳೆದರೆ ಅಕ್ಕಿಯ ಮುಂದೆಯೂ ಬೆಲ್ಲದ ಮುಂದೆಯೂ ಇಡೀ ಊರಿನ ಗುರಿಯೇ ಕಾಣುತ್ತದೆ. ಹಾಗಾಗಿ ಆ ಚಾರ್ಟನ್ನು ಕೊಟ್ಟಿಲ್ಲ. ಸರಕುವಾರು ಗುರಿಯನ್ನು ತಾವು ಬರೆದು ಕಳುಹಿಸಿದರೆ ಖಂಡಿತ ಕೊಡುತ್ತೇವೆ.

ಮಾರ್ಚ್ ಮೊತ್ತದ ಬಗ್ಗೆ ಇನ್ನೂ ಸಂದೇಹವಿರುವವರು ಆ ತಿಂಗಳ ಬಿಲ್ ಬುಕ್ಕಿನೊಂದಿಗೆ ಕಚೇರಿಗೆ ಬನ್ನಿ, ಅಥವಾ ಹೇಳಿ ಕಳುಹಿಸಿ, ನಾವೇ ಅಂಗಡಿಗೆ ಬರುತ್ತೇವೆ. ಬಿಲ್ಲು ಬಿಲ್ಲಾಗಿ ತಾಳೆ ನೋಡಿಕೊಡಲು ಶುಲ್ಕವಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ವರದಿ ವಿಭಾಗದ ಪಾಲುದಾರರು