ಮಗಳಿಗೊಂದು ಪತ್ರ: ಆ ಆರು ಲಕ್ಷದ ಲೆಕ್ಕ

ಪ್ರೀತಿಯ ಸುಧಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ವಾ, "ಅಪ್ಪಾ, ಹಿರಿಯರ ಉಳಿತಾಯದ ದುಡ್ಡು ತಿಂಗಳಾ ತಿಂಗಳಾ ಯಾಕೆ ಬರ್ತಿಲ್ಲ?" ಅಂತ. ಆಗ ಹೊಲದ ಪಾಲುದಾರರು ತೊಗರಿ ಲೆಕ್ಕ ತಂದಿದ್ದರು, ಸರಿಯಾಗಿ ಹೇಳೋಕೆ ಆಗಲಿಲ್ಲ.

ಈ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತೆ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಶುರುವಿನಲ್ಲಿ. ನಾನು 2024ರ ಆಗಸ್ಟ್ 12ಕ್ಕೆ 6 ಲಕ್ಷ ಇಟ್ಟೆ, ದರ 8.2. ಐದು ವರ್ಷವೂ ಇದೇ ದರ, ಆಮೇಲೆ ಸರಕಾರ ಇಳಿಸಿದರೂ ನಮಗೆ ತಾಗೋದಿಲ್ಲ. ವರ್ಷಕ್ಕೆ 49,200 ಆಯ್ತು. ನಾಲ್ಕರಿಂದ ಭಾಗಿಸು, 12,300. ಪಾಸ್‌ಬುಕ್ಕಿನಲ್ಲಿ ಹುಡುಕಬೇಕಾದ ಅಂಕಿ ಅದೇ. ತಿಂಗಳಿಗೆ 4,100 ಅನ್ನೋದು ಮನೆ ಖರ್ಚಿಗೆ ನಾವು ಹಾಕಿಕೊಳ್ಳೋ ಲೆಕ್ಕ ಅಷ್ಟೇ.

ಮೊದಲ ಕಂತು ಮಾತ್ರ ಕಡಿಮೆ ಇರುತ್ತೆ. ಸೆಪ್ಟೆಂಬರ್ 30ರವರೆಗೆ 50 ದಿನ, ದಿನಕ್ಕೆ 135ರ ಹತ್ತಿರ, ಅಂದರೆ 6,700ರ ಆಸುಪಾಸು. ಅದನ್ನು ನೋಡಿ ನಿಮ್ಮವ್ವ ಮೋಸ ಆಯ್ತು ಅಂತ ಗಾಬರಿಯಾಗಿದ್ದಳು.

ನಿಜವಾದ ತೊಂದರೆ ಆಗಿದ್ದು ಜನವರಿಯಲ್ಲಿ. ಎಸ್‌ಬಿ ಪಾಸ್‌ಬುಕ್ ಎಂಟ್ರಿ ಹಾಕಿಸಿದೆ, 12,300 ಇಲ್ಲವೇ ಇಲ್ಲ. ಬಡ್ಡಿ ಎಸ್‌ಬಿ ಖಾತೆಗೆ ಜಮಾ ಆಗೋ ಹಾಗೆ ಜೋಡಿಸಿರಲಿಲ್ಲವಂತೆ, ಯೋಜನೆಯ ಖಾತೆಯಲ್ಲೇ ಕೂತಿತ್ತು. ಎಸ್‌ಬಿ ನಂಬರ್ ಬರೆದು ಅರ್ಜಿ ಕೊಟ್ಟ ಮೇಲೆ ಬಂತು. ಆದರೆ ಹಾಗೆ ಕೂತ ಬಡ್ಡಿಗೆ ಒಂದು ಪೈಸೆ ಬಡ್ಡಿ ಸಿಗೋದಿಲ್ಲ ಮಗಳೇ. ಅದಕ್ಕೇ ನಾನು ಎರಡೂ ಪಾಸ್‌ಬುಕ್ ಒಟ್ಟಿಗೆ ಇಟ್ಟು ನೋಡ್ತೀನಿ. ಯೋಜನೆಯದ್ದರಲ್ಲಿ 6,00,000 ಹಾಗೇ ನಿಂತಿರಬೇಕು, ಎಸ್‌ಬಿಯಲ್ಲಿ ಪ್ರತಿ ಸಲ 12,300 ಬಂದಿರಬೇಕು.

ಇನ್ನು ನೀನು ಎಫ್‌ಡಿ ಕ್ಯಾಲ್ಕುಲೇಟರ್ ಹಾಕಿ "ಕೊನೆಗೆ ಸುಮಾರು 9 ಲಕ್ಷ ಬರುತ್ತೆ" ಅಂದೆಯಲ್ಲ, ಅದು ಬಡ್ಡಿಗೆ ಬಡ್ಡಿ ಸೇರಿಸಿದ ಲೆಕ್ಕ. ಇಲ್ಲಿ ಬಡ್ಡಿ ಹೊರಗೆ ಬಂದುಬಿಡುತ್ತೆ, ಅಸಲು ಬೆಳೆಯೋದಿಲ್ಲ. 2029ರ ಆಗಸ್ಟ್ 12ಕ್ಕೆ ಕೈಗೆ ಸಿಗೋದು ಅದೇ 6 ಲಕ್ಷ, ಜೊತೆಗೆ ಜುಲೈ 1ರಿಂದ ಆ ದಿನದವರೆಗಿನ ಬಡ್ಡಿ, 5,700ರಷ್ಟು. ಮೊದಲ ತುಂಡು ಕಂತಿಗೆ ಇದನ್ನು ಸೇರಿಸಿ ನೋಡು, ಹೆಚ್ಚುಕಡಿಮೆ ಒಂದು ಪೂರ್ತಿ ಕಂತು ಆಗುತ್ತೆ. ನಡುವೆ 19 ಕಂತು. ಒಟ್ಟು 20 ಕಂತು, 2,46,000. ಅದು ನಾವು ಐದು ವರ್ಷ ತಿಂದು ಉಂಡ ದುಡ್ಡು. ಹಾಗಾಗಿ 9 ಲಕ್ಷ ನಂಬಿಕೊಂಡು ಅಲ್ಲಿ ಮನೆಗೆ ಮುಂಗಡ ಗಿಂಗಡ ಕೊಟ್ಟುಬಿಡಬೇಡ, ತಾಯಿ.

ಆ ತಾರೀಕನ್ನು ನೀನೂ ಬರೆದಿಟ್ಟುಕೋ. ಅವಧಿ ಮುಗಿದ ಮೇಲೆ ಸುಮ್ನೆ ಬಿಟ್ಟರೆ ಎಸ್‌ಬಿ ದರವಷ್ಟೇ ಸಿಗುತ್ತೆ. ಇನ್ನೂ ಮೂರು ವರ್ಷ ಮುಂದುವರಿಸಬೇಕೆಂದರೆ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಆಗ ನನಗೆ ಕಲಬುರಗಿಯ ಬಿಸಿಲಲ್ಲಿ ಓಡಾಡೋಕೆ ಆಗುತ್ತೋ ಇಲ್ಲವೋ. ಎರಡೂ ಪಾಸ್‌ಬುಕ್ ಅಲ್ಮಾರಿಯ ಮೇಲಿನ ಖಾನೆಯಲ್ಲಿ, ನಿಮ್ಮವ್ವನ ಇಳಕಲ್ ಸೀರೆ ಕೆಳಗಿವೆ.

ನಿನ್ನ
ಅಪ್ಪ