ಇಮೇಲ್ ಬದಲಾಯಿಸಿದ ಮೇಲೆ ಚಂದಾ ಖಾತೆಗೆ ಪ್ರವೇಶ ತಪ್ಪಿರುವ ಬಗ್ಗೆ ದೂರು

ಇವರಿಂದ: ನಿಮ್ಮ ವಾರ್ಷಿಕ ಚಂದಾದಾರ, ದಾವಣಗೆರೆ
ಇವರಿಗೆ: ಕುಂದುಕೊರತೆ ಅಧಿಕಾರಿಗಳು, ಡಿಜಿಟಲ್ ಚಂದಾ ವಿಭಾಗ

ಮಾನ್ಯರೇ,

ನಿಮ್ಮ ಸಂಸ್ಥೆಯ ಆಡಿಯೋ ಪುಸ್ತಕಗಳ ಆ್ಯಪ್‌ಗೆ ನಾನು ಚಂದಾದಾರನಾದಾಗ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದೆ. ಕಾಲೇಜಿನ ಇಮೇಲ್ ಗೂಗಲ್ ವ್ಯವಸ್ಥೆಯಲ್ಲೇ ಇದ್ದುದರಿಂದ 'ಗೂಗಲ್ ಮೂಲಕ ಪ್ರವೇಶಿಸಿ' ಎಂಬ ಗುಂಡಿ ಒತ್ತಿ ಖಾತೆ ತೆರೆದೆ. ಪಾಸ್‌ವರ್ಡ್ ಇಡಿ ಎಂದು ಆ್ಯಪ್ ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ನಿವೃತ್ತಿಯ ನಂತರ ಕಾಲೇಜಿನ ವಿಳಾಸ ಮುಚ್ಚಿಹೋಗುತ್ತದೆ ಎಂದು ತಿಳಿದು, ಅದು ಇನ್ನೂ ಚಾಲ್ತಿಯಲ್ಲಿರುವಾಗಲೇ ನಿಮ್ಮ ಪ್ರೊಫೈಲ್ ಪುಟಕ್ಕೆ ಹೋಗಿ ನನ್ನ ಸ್ವಂತ ಜಿಮೇಲ್ ವಿಳಾಸವನ್ನು ತುಂಬಿದೆ. ಆ ವಿಳಾಸಕ್ಕೆ ಒಟಿಪಿ ಬಂತು, ನಮೂದಿಸಿದೆ, 'ನಿಮ್ಮ ಇಮೇಲ್ ಬದಲಾಗಿದೆ' ಎಂಬ ಹಸಿರು ಪಟ್ಟಿಯೂ ಮೂಡಿತು. ಇದಕ್ಕಿಂತ ಹೆಚ್ಚಿಗೆ ಏನು ಮಾಡಬೇಕಿತ್ತು ಎಂಬುದನ್ನು ನಿಮ್ಮ ಪುಟ ಎಲ್ಲಿಯೂ ಹೇಳುವುದಿಲ್ಲ.

ಕಾಲೇಜಿನ ವಿಳಾಸ ಮುಚ್ಚಿದ ಮೇಲೂ ಹಳೆಯ ಮೊಬೈಲಿನಲ್ಲಿ ಆ್ಯಪ್ ಎಂದಿನಂತೆ ನಡೆಯುತ್ತಿತ್ತು. ಹೊಸ ಮೊಬೈಲಿನಲ್ಲಿ ಅದೇ ಗೂಗಲ್ ಗುಂಡಿ ಒತ್ತಿ ನನ್ನ ಜಿಮೇಲ್ ಆರಿಸಿದಾಗ ಮಾತ್ರ ತೆರೆದುಕೊಂಡದ್ದು ಬರಿದಾದ ಖಾತೆ. ಅರ್ಧ ಕೇಳಿದ್ದ ಕಾದಂಬರಿಯಿಲ್ಲ, ಗುರುತು ಹಾಕಿಟ್ಟ ಪಟ್ಟಿಯಿಲ್ಲ. 'ಇಂದೇ ಚಂದಾದಾರರಾಗಿ' ಎಂಬ ಆಹ್ವಾನ ಮಾತ್ರ ಇತ್ತು. ನನ್ನ ಇಮೇಲ್ ಪೆಟ್ಟಿಗೆಯಲ್ಲಿ ಈಗ ನಿಮ್ಮ ಎರಡು ಪತ್ರಗಳು ಒಂದರ ಮೇಲೊಂದು ಕುಳಿತಿವೆ: ಕೆಳಗಿನದು ಚಂದಾ ನವೀಕರಣದ ರಸೀದಿ, ಮೇಲಿನದು ಹೊಸ ಓದುಗರಿಗೆ ಸ್ವಾಗತ. ಎರಡೂ ಬಂದಿರುವುದು ಒಂದೇ ವಿಳಾಸಕ್ಕೆ.

ಹೀಗಾದದ್ದು ಏಕೆ ಎಂಬುದು ನಿಮ್ಮ ತಾಂತ್ರಿಕ ವಿಭಾಗಕ್ಕೆ ಗೊತ್ತಿರಲೇಬೇಕು. ಗೂಗಲ್ ಮೂಲಕ ಪ್ರವೇಶಿಸಿದಾಗ ಇಮೇಲ್ ವಿಳಾಸದ ಜೊತೆಗೆ `sub` ಎಂಬ ಗುರುತು ಸಂಖ್ಯೆಯೊಂದು ನಿಮಗೆ ಬರುತ್ತದೆ. ಪ್ರತಿ ಗೂಗಲ್ ಖಾತೆಗೂ ಅದು ಬೇರೆ, ಮತ್ತು ಎಂದಿಗೂ ಬದಲಾಗುವುದಿಲ್ಲ. ನನ್ನ ಚಂದಾ ಕಾಲೇಜಿನ ಖಾತೆಯ ಸಂಖ್ಯೆಗೆ ಅಂಟಿಕೊಂಡಿದೆ. ಪ್ರೊಫೈಲ್‌ನಲ್ಲಿ ನಾನು ಬದಲಾಯಿಸಿದ್ದು ರಸೀದಿ ಕಳುಹಿಸುವ ವಿಳಾಸವನ್ನು ಮಾತ್ರ. ಬಾಗಿಲಿನ ಬೀಗ ಹಳೆಯದೇ ಉಳಿಯಿತು. ಸಂಖ್ಯೆಯನ್ನು ನಂಬುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಾಳೆ ಕಾಲೇಜು ನನ್ನ ಹಳೆಯ ವಿಳಾಸವನ್ನೇ ಹೊಸಬರೊಬ್ಬರಿಗೆ ಕೊಟ್ಟರೆ, ಬರೀ ವಿಳಾಸ ನೋಡಿ ನೀವು ನನ್ನ ಖಾತೆಯನ್ನು ಅವರಿಗೆ ತೆರೆಯಬಾರದು. ಆದರೆ ಒಟಿಪಿ ಪಡೆದು ಇಮೇಲ್ ಬದಲಾಯಿಸಿಕೊಂಡವರಿಗೆ 'ನಿಮ್ಮ ಗೂಗಲ್ ಪ್ರವೇಶ ಇನ್ನೂ ಹಳೆಯ ಖಾತೆಯದ್ದೇ ಆಗಿದೆ, ಹೊಸದನ್ನು ಜೋಡಿಸಿ ಅಥವಾ ಪಾಸ್‌ವರ್ಡ್ ಇಡಿ' ಎಂದು ಅಲ್ಲಿಯೇ ತಿಳಿಸುವುದು ನಿಮ್ಮ ಹೊಣೆ.

ಮೊಬೈಲ್ ಸಂಖ್ಯೆಯ ದಾರಿಯೂ ಮುಚ್ಚಿದೆ. ಹಳೆಯ ಖಾತೆಗೆ ನನ್ನ ಸಂಖ್ಯೆ ಹಾಕಿ ಪ್ರವೇಶಿಸಲು ಹೋದರೆ 'ಈ ಖಾತೆಗೆ ಗೂಗಲ್ ಪ್ರವೇಶ ಮಾತ್ರ' ಎಂಬ ಉತ್ತರ. ಅದೇ ಸಂಖ್ಯೆಯನ್ನು ಹೊಸ ಖಾತೆಗೆ ಸೇರಿಸಲು ಹೋದರೆ 'ಈ ಸಂಖ್ಯೆ ಬೇರೊಂದು ಖಾತೆಯಲ್ಲಿದೆ' ಎಂಬ ತಕರಾರು. ಸಂಖ್ಯೆ ನನ್ನದೆಂದು ತಿಳಿದ ವ್ಯವಸ್ಥೆಗೆ ಅದಕ್ಕೊಂದು ಒಟಿಪಿ ಕಳುಹಿಸಿ ನನ್ನನ್ನು ಗುರುತಿಸಲು ಏನು ಅಡ್ಡಿ?

ನಿಮ್ಮ ಸಹಾಯವಾಣಿಯವರು ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ ಎಂದರು. ಅದರಿಂದ ಏನೂ ಆಗದಿದ್ದಾಗ, ಕೋರಿಕೆಯನ್ನು ಹಳೆಯ ಇಮೇಲ್‌ನಿಂದಲೇ ಕಳುಹಿಸಬೇಕು ಎಂದರು. ಮುಚ್ಚಿಹೋದ ವಿಳಾಸದಿಂದ ಪತ್ರ ಬರೆಯುವ ವಿದ್ಯೆ ನನಗೆ ತಿಳಿಯದು. ಇದಕ್ಕೆಲ್ಲ ಮೊದಲೇ ಯುಪಿಐ ಆಟೋಪೇ ಮೂಲಕ ಈ ವರ್ಷದ ಚಂದಾ ಹಣ ಕಡಿತವಾಗಿದೆ. ಆಟೋಪೇಯನ್ನು ನನ್ನ ಯುಪಿಐ ಆ್ಯಪ್‌ನಲ್ಲಿ ನಾನೇ ರದ್ದು ಮಾಡಬಲ್ಲೆ. ಆದರೆ ಅದರಿಂದ ಮುಂದಿನ ಕಡಿತ ನಿಲ್ಲುತ್ತದೆಯೇ ಹೊರತು ಈಗಾಗಲೇ ಕೊಟ್ಟ ಹಣಕ್ಕೆ ಪುಸ್ತಕ ಕೇಳಲು ಸಿಗುವುದಿಲ್ಲ.

ಆದ್ದರಿಂದ ಹಳೆಯ ಖಾತೆಯಿಂದ ಕಾಲೇಜಿನ ಗೂಗಲ್ ಜೋಡಣೆಯನ್ನು ತೆಗೆದು, ನನ್ನ ಸ್ವಂತ ಗೂಗಲ್ ಖಾತೆಯನ್ನು ಅದಕ್ಕೆ ಜೋಡಿಸಿಕೊಡಿ. ಅದಕ್ಕೂ ಮೊದಲು ತಾನಾಗಿ ಹುಟ್ಟಿಕೊಂಡ ಖಾಲಿ ಖಾತೆಯನ್ನು ಅಳಿಸಬೇಕಾಗುತ್ತದೆ, ಇಲ್ಲದಿದ್ದರೆ ನನ್ನ ಗೂಗಲ್ ಗುರುತು ಅಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಅಳಿಸುವಾಗ ದಯವಿಟ್ಟು ಚಂದಾ ಇರುವ ಖಾತೆಯನ್ನು ಅಳಿಸಬೇಡಿ. ನಾನೇ ಖಾತೆದಾರ ಎಂಬುದಕ್ಕೆ ರಸೀದಿ ಮತ್ತು ಯುಪಿಐ ವಹಿವಾಟಿನ 12 ಅಂಕಿಯ ಉಲ್ಲೇಖ ಸಂಖ್ಯೆಯನ್ನು ಲಗತ್ತಿಸಿದ್ದೇನೆ. ನೋಂದಾಯಿತ ಮೊಬೈಲಿಗೆ ಒಟಿಪಿ ಕಳುಹಿಸಿಯೂ ಪರೀಕ್ಷಿಸಬಹುದು. ಪ್ರವೇಶವಿಲ್ಲದೆ ಕಳೆದ ಅವಧಿಯನ್ನು ಚಂದಾಕ್ಕೆ ಸೇರಿಸಿಕೊಡಿ. ಇದು ಸಾಧ್ಯವಿಲ್ಲವಾದರೆ ಈ ವರ್ಷದ ಹಣ ಮರಳಿಸಿ.

ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಗಡುವು ಮೀರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇದೇ ಪತ್ರದೊಂದಿಗೆ ದೂರು ದಾಖಲಿಸುತ್ತೇನೆ.

ಇಂತಿ,
ನಿಮ್ಮ ಚಂದಾದಾರ

ಲಗತ್ತು: ನವೀಕರಣದ ರಸೀದಿ, ಯುಪಿಐ ವಹಿವಾಟಿನ ವಿವರ, ಎರಡೂ ತಪ್ಪು ಸಂದೇಶಗಳ ಸ್ಕ್ರೀನ್‌ಶಾಟ್