ಅಮ್ಮನ ಮಾತ್ರೆ ಡಬ್ಬಿ

ಮಸ್ಕತ್
ಶನಿವಾರ ರಾತ್ರಿ

ಪ್ರೀತಿಯ ತಮ್ಮ,

ಪೆರ್ಲದಲ್ಲಿ ಮಳೆ ಜೋರು ಹಿಡಿದಿದೆ ಅಂತ ಅಮ್ಮ ಹೇಳಿದಳು. ಅಡಿಕೆಗೆ ಮದ್ದು ಬಿಟ್ಟಾಯಿತಾ?

ನಿನ್ನೆ ವಿಡಿಯೋ ಕಾಲ್‌ನಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಅಮ್ಮ ನನ್ನ ಹತ್ತಿರ ಮಾತಾಡುತ್ತಲೇ ಅಂಗೈಯಲ್ಲಿದ್ದ ಮೂರು ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿ, ಮೇಲಿಂದ ಹಾಲು ಕಾಫಿ ಕುಡಿದಳು. ಚಿಕ್ಕ ಬಿಳಿಯದು ಥೈರಾಯ್ಡಿನದ್ದು, ಉದ್ದದ್ದು ಕ್ಯಾಲ್ಸಿಯಂ, ಇನ್ನೊಂದು ಬಿ.ಪಿ.ಯದ್ದು. ಚೀಟಿಯಲ್ಲಿ ಮೂರಕ್ಕೂ 1-0-0 ಅಂತಲೇ ಇದೆ. ಬೆಳಿಗ್ಗೆ ಅಂದರೆ ಬೆಳಿಗ್ಗೆ, ಅವಳ ತಪ್ಪೇನಿಲ್ಲ. ಮೆಡಿಕಲ್‌ನವರು ಕವರಿನ ಮೇಲೆ ಬರೆದು ಕೊಡುವುದು ಮಲಯಾಳದಲ್ಲಿ. ಅವಳಿಗೆ ಓದಲು ಬರುವುದು ಕನ್ನಡ ಮಾತ್ರ, ಅಲ್ವಾ?

ಆಸ್ಪತ್ರೆಯ ಫಾರ್ಮಸಿಯಲ್ಲಿ ಇಷ್ಟು ವರ್ಷದಿಂದ ಇದ್ದೇನೆ, ಇದನ್ನು ಮೊದಲೇ ಕೇಳಬೇಕಿತ್ತು ನಾನು. ಥೈರಾಯ್ಡ್ ಮಾತ್ರೆಯ ಜೊತೆ ಕ್ಯಾಲ್ಸಿಯಂ ಹೋದರೆ ಎರಡೂ ಹೊಟ್ಟೆಯಲ್ಲೇ ಅಂಟಿಕೊಳ್ಳುತ್ತವೆ. ಥೈರಾಯ್ಡಿನದ್ದು ಮೈಗೆ ಸರಿಯಾಗಿ ಸೇರುವುದಿಲ್ಲ. ಕಾಫಿಯೂ ಅದನ್ನು ಕಡಿಮೆ ಮಾಡುತ್ತದೆ. ಒಂದು ದಿನವೂ ತಪ್ಪಿಸದೆ ಮಾತ್ರೆ ತಿಂದರೂ ರಕ್ತ ಪರೀಕ್ಷೆಯಲ್ಲಿ ಟಿ.ಎಸ್.ಎಚ್. 4ರಿಂದ 9ಕ್ಕೆ ಏರಿದ್ದು, ಅಂದರೆ ಮೈಗೆ ಥೈರಾಯ್ಡ್ ಸಾಲದೆ ಹೋದದ್ದು, ಇದರಿಂದಲೇ ಇರಬೇಕು ಅಂತ ನನಗೆ ಅನಿಸುತ್ತದೆ. ಅದನ್ನು ನೋಡಿಯೇ ಡಾಕ್ಟರು ಥೈರಾಯ್ಡಿನ ಡೋಸ್ ಏರಿಸಿ ಒಂದು ದಿನ 50, ಮರುದಿನ 75 ಮೈಕ್ರೋಗ್ರಾಂ ಅಂತ ಮಾಡಿದ್ದು.

ಹಾಗಾಗಿ ಹೊತ್ತು ಬದಲಿಸುವ ಮೊದಲು ಡಾಕ್ಟರಿಗೆ ಹೇಳು. ಈ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಇಷ್ಟು ದಿನ ಅರ್ಧಂಬರ್ಧ ಸೇರುತ್ತಿದ್ದ ಮಾತ್ರೆ ಇನ್ನು ಪೂರ್ತಿ ಸೇರಿದರೆ, ಏರಿಸಿದ ಡೋಸ್ ಅವಳಿಗೆ ಜಾಸ್ತಿಯಾಗಬಹುದು. ಎದೆ ಢವಢವ ಅನ್ನುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು ಕಂಡರೆ ರಕ್ತ ಪರೀಕ್ಷೆಯ ದಿನದವರೆಗೆ ಕಾಯಬೇಡ, ಕರೆದುಕೊಂಡು ಹೋಗು.

ಡಾಕ್ಟರು ಒಪ್ಪಿದರೆ ಹೀಗೆ ಮಾಡೋಣ. ಬೆಳಿಗ್ಗೆ ಆರಕ್ಕೆ ಥೈರಾಯ್ಡಿನದ್ದು ಒಂದೇ, ಬರೀ ನೀರಿನಲ್ಲಿ. ಕಾಫಿ ಏಳಕ್ಕೆ. ಎಂಟಕ್ಕೆ ತಿಂಡಿಯಾದ ಮೇಲೆ ಬಿ.ಪಿ.ಯದ್ದು. ಕ್ಯಾಲ್ಸಿಯಂ ಮಧ್ಯಾಹ್ನ ಒಂದಕ್ಕೆ ಊಟದ ಜೊತೆ. ಥೈರಾಯ್ಡಿಗೂ ಕ್ಯಾಲ್ಸಿಯಂಗೂ ಕಡಿಮೆಯೆಂದರೆ ನಾಲ್ಕು ಗಂಟೆ ಅಂತರ ಬೇಕು, ಇದರಲ್ಲಿ ಏಳು ಗಂಟೆ ಸಿಗುತ್ತದೆ. ಅವಳು ಏಳುವುದು ಒಂದು ಗಂಟೆ ತಡವಾದರೂ ಲೆಕ್ಕ ತಪ್ಪುವುದಿಲ್ಲ.

ಭಾನುವಾರದ್ದು ಬೇರೆ ಕಥೆ. ವಾರಕ್ಕೊಂದು ಎಲುಬಿನ ಮಾತ್ರೆಯೂ ಖಾಲಿ ಹೊಟ್ಟೆಯನ್ನೇ ಕೇಳುತ್ತದೆ, ಅದೂ ಬೇರೆ ಯಾವ ಮಾತ್ರೆಯೂ ಜೊತೆಗಿಲ್ಲದೆ. ಹಾಗಾಗಿ ಭಾನುವಾರ ಐದೂವರೆಗೆ ಅದನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕೊಡು. ಆರೂಕಾಲಿಗೆ ಥೈರಾಯ್ಡಿನದ್ದು. ಕಾಫಿ ಏಳೂಕಾಲು. ಎಲುಬಿನ ಮಾತ್ರೆ ನುಂಗಿ ಅರ್ಧ ಗಂಟೆ ಅವಳು ಮಲಗಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಸುಟ್ಟು ಹುಣ್ಣು ಮಾಡುತ್ತದೆ. ಮಳೆಗಾಲದ ಚಳಿಗೆ ಅವಳು ಪುನಃ ಕಂಬಳಿ ಎಳೆದುಕೊಳ್ಳುವುದು ನಿನಗೂ ಗೊತ್ತು. ಜಗಲಿಯಲ್ಲಿ ಕೂರಿಸಿ ಸುಮ್ನೆ ಮಾತಾಡಿಸುತ್ತಿರು.

ಇನ್ನು 50-75ರ ಗೋಜಲು. ಬೆಸ ತಾರೀಕಿಗೆ 75 ಅಂತ ಸುಮ ಕ್ಯಾಲೆಂಡರ್ ನೋಡಿ ಕೊಡುತ್ತಾಳೆ. ಆದರೆ 31 ಬೆಸ, ಮರುದಿನ 1 ಕೂಡ ಬೆಸ. ಎರಡು ದಿನ ಒಟ್ಟಿಗೆ 75 ಬೀಳುತ್ತದೆ. ಈ ಮಾತ್ರೆ ಮೈಯಲ್ಲಿ ನಿಧಾನಕ್ಕೆ ಕರಗುವುದರಿಂದ ಒಂದು ದಿನದ ಹೆಚ್ಚುಕಡಿಮೆ ದೊಡ್ಡದಲ್ಲ. ತೊಂದರೆ ಆಮೇಲಿನ ಗೊಂದಲದಲ್ಲಿ: ನಿನ್ನೆ ಕೊಟ್ಟದ್ದು ಯಾವುದು ಅಂತ ಯಾರಿಗೂ ನೆನಪಿರುವುದಿಲ್ಲ. ಸೋಮ, ಬುಧ, ಶುಕ್ರ 75, ಉಳಿದ ನಾಲ್ಕು ದಿನ 50 ಅಂತ ಮಾಡಬಹುದಾ ಕೇಳು. ವಾರದ ಒಟ್ಟು ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಏಳು ದಿನದ ಡಬ್ಬಿ ರಮೇಶನ ಕೈಯಲ್ಲಿ ಕಳಿಸಿದ್ದೇನೆ. ದಿನಕ್ಕೆ ನಾಲ್ಕು ಗೂಡು. ಮುಚ್ಚಳದ ಮೇಲೆ ಕನ್ನಡದಲ್ಲೇ ಬರೆದಿದ್ದೇನೆ: ಎದ್ದ ಕೂಡಲೇ, ತಿಂಡಿ, ಊಟ, ರಾತ್ರಿ. ರಾತ್ರಿಯದ್ದು ಸದ್ಯ ಖಾಲಿ ಇರಲಿ. ಎಲುಬಿನ ಮಾತ್ರೆ ಡಬ್ಬಿಗೆ ಹಾಕಬೇಡಿ, ಅದರ ಸ್ಟ್ರಿಪ್ ನಿನ್ನ ಹತ್ತಿರವೇ ಇರಲಿ. ಶನಿವಾರ ರಾತ್ರಿ ಸುಮ ತುಂಬಲಿ, ನೀನು ಒಮ್ಮೆ ನೋಡು. ಒಂದು ವಾರದ್ದು ಮಾತ್ರ, ಮಳೆಗಾಲದಲ್ಲಿ ಬಿಚ್ಚಿಟ್ಟ ಮಾತ್ರೆ ತೇವ ಹಿಡಿಯುತ್ತದೆ. ಒಲೆಯ ಹತ್ತಿರ ಇಡಬೇಡಿ.

ಸಂಜೆ ಗೂಡಿನಲ್ಲಿ ಮಾತ್ರೆ ಉಳಿದಿದ್ದರೆ ಅದು ಮರೆತದ್ದು. ಹಾಗಂತ ಮರುದಿನ ಎರಡು ನುಂಗಿಸಬೇಡ, ಬರೆದಿಟ್ಟು ಡಾಕ್ಟರಿಗೆ ಹೇಳು.

ನಿಮ್ಮ ಆರು ಗಂಟೆ ಇಲ್ಲಿ ನಾಲ್ಕೂವರೆ. ನಾನು ಎದ್ದಿರುವುದಿಲ್ಲ, ಅಲಾರಂ ಅಮ್ಮನ ಫೋನಿನಲ್ಲೇ ಇಡು. ಹೊಸ ಹೊತ್ತು ಶುರು ಮಾಡಿ ಆರರಿಂದ ಎಂಟು ವಾರಕ್ಕೆ ಟಿ.ಎಸ್.ಎಚ್. ಮಾಡಿಸಿ, ವರದಿಯ ಫೋಟೋ ಕಳಿಸು.

ನಿನ್ನ ಅಕ್ಕ